ಅಟ್ಟದ ಲಕ್ಷ್ಮಿ ಪಟ, ಮಡಿಕೆಯಲ್ಲಿ ಮುರಿಯುವ ಪಾಲುಪಟ್ಟಿ

ಪ್ರಶ್ನೆ: ಸರ್, ಉಡುಪಿ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಹಂಚಿನ ಮನೆ. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯ ಪಟ ಸಿಕ್ಕಿತು. ಪಟದ ತುಂಬ ಕಂದು ಚುಕ್ಕೆ, ಕೆಳಗಿನ ಅಂಚಿನಲ್ಲಿ ಬಿಳಿ ಪುಡಿ. ಪಕ್ಕದ ಟ್ರಂಕಿನಲ್ಲಿ 1926ರ ಪಾಲುಪಟ್ಟಿ ಇತ್ತು. ಎಂಟು ಮಡಿಕೆ ಮಾಡಿ ಇಟ್ಟಿದ್ದಾರೆ, ಬಿಡಿಸಲು ಹೋದರೆ ಮುರಿಯುತ್ತದೆ. ಅಮ್ಮ ಬಿಸಿಲಿಗೆ ಇಡು ಅಂತಾರೆ. ಫ್ರೇಮ್ ಅಂಗಡಿಯವರು ಬ್ಲೀಚ್ ಮಾಡಿ ಕೊಡ್ತೇವೆ ಅಂದರು. ತಮ್ಮ ಎರಡನ್ನೂ ಲ್ಯಾಮಿನೇಷನ್ ಮಾಡಿಸೋಣ ಅಂತಾನೆ. ಯಾವುದು ಸರಿ?

ಉತ್ತರ: ಮೂರೂ ಬೇಡ. ಬಿಸಿಲು ಬೇಡ, ಬ್ಲೀಚ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ನಿಮ್ಮ ಮನೆಯಲ್ಲಿ ಈಗ ಮೂರು ಬೇರೆ ಬೇರೆ ತೊಂದರೆ ಒಟ್ಟಿಗೆ ಕೂತಿವೆ. ಬಿಳಿ ಪುಡಿ ಹೆಚ್ಚಾಗಿ ಬೂಷ್ಟು. ಅದಕ್ಕೆ ಜೀವ ಇದೆ, ಈ ಮಳೆಯಲ್ಲಿ ದಿನದಿನಕ್ಕೆ ಬೆಳೆಯುತ್ತದೆ. ಕಂದು ಚುಕ್ಕೆಗೆ ಫಾಕ್ಸಿಂಗ್ ಅನ್ನುತ್ತಾರೆ. ಅದು ಎಷ್ಟೋ ವರ್ಷದಿಂದ ಇರುವ ಕಲೆ, ಇನ್ನು ಆರು ತಿಂಗಳು ಕಾದರೂ ಏನೂ ಆಗುವುದಿಲ್ಲ. ಪಾಲುಪಟ್ಟಿ ಮುರಿಯುವುದು ಕಾಗದದ ಒಳಗೇ ಇರುವ ಹುಳಿಯಿಂದ. ಹಾಗಾಗಿ ಕೆಲಸದ ಸಾಲು ಹೀಗಿರಲಿ: ಬೂಷ್ಟು ಮೊದಲು, ಪಾಲುಪಟ್ಟಿ ಆಮೇಲೆ, ಚುಕ್ಕೆ ಕೊನೆಗೆ. ನನ್ನ ಹತ್ತಿರ ಬರುವ ಹೆಚ್ಚಿನವರು ಉಲ್ಟಾ ಮಾಡಿ ಬಂದಿರುತ್ತಾರೆ. ಕಣ್ಣಿಗೆ ಮೊದಲು ಬೀಳುವುದು ಚುಕ್ಕೆ ಅಲ್ವಾ, ಅದನ್ನೇ ಉಜ್ಜಲು ಹೋಗುತ್ತಾರೆ.

ಇವತ್ತು ರಾತ್ರಿಯೇ ಮಾಡಬೇಕಾದದ್ದು ಒಂದೇ ಕೆಲಸ. ಪಟ ಮತ್ತು ಪಾಲುಪಟ್ಟಿಯನ್ನು ಬೇರೆ ಬೇರೆ ಕೋಣೆಯಲ್ಲಿ ಇಡಿ. ಪಟವನ್ನು ಒರೆಸಬೇಡಿ, ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ಕಾಗದದ ನಾರಿನೊಳಗೆ ಹೋಗಿ ಕೂರುತ್ತದೆ, ಆಮೇಲೆ ಯಾರ ಕೈಯಲ್ಲೂ ತೆಗೆಯಲು ಆಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೂ ಇಡಬೇಡಿ. ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಎರಡು ಮೂರು ದಿನದಲ್ಲಿ ಬೂಷ್ಟು ದುಪ್ಪಟ್ಟಾಗುತ್ತದೆ.

ಆ ಬಿಳಿ ಪುಡಿ ನಿಜಕ್ಕೂ ಬೂಷ್ಟೇ ಹೌದಾ ಅಂತ ನೋಡಿಕೊಳ್ಳಿ. ಕೋಣೆಯ ದೀಪ ಆರಿಸಿ. ಮೊಬೈಲಿನ ಟಾರ್ಚನ್ನು ಪಟದ ಪಕ್ಕದಲ್ಲಿ, ಗಾಜಿಗೆ ತಾಗುವಷ್ಟು ತಗ್ಗಿಸಿ ಹಿಡಿಯಿರಿ. ಅಡ್ಡ ಬೆಳಕಿನಲ್ಲಿ ಬೂಷ್ಟು ಎದ್ದು ಕಾಣುತ್ತದೆ. ಸಣ್ಣ ನೂಲಿನ ಹಾಗೆ, ದುಂಡಗಿನ ಮಚ್ಚೆಗಳಾಗಿ ಹರಡಿರುತ್ತದೆ. ಮುಗ್ಗಲು ವಾಸನೆಯೂ ಇರುತ್ತದೆ. ಗೋಡೆಯ ಸುಣ್ಣ ಉದುರಿದ್ದಾದರೆ ಅದು ಕಾಳುಕಾಳಾಗಿ ಇರುತ್ತದೆ, ಹರಡಿದ ಆಕಾರ ಇರುವುದಿಲ್ಲ. ಫ್ರೇಮಿನ ಮರವನ್ನು ಹುಳ ಕೊರೆದದ್ದಾದರೆ ತಿಳಿ ಹಳದಿ ಹುಡಿ ಸಣ್ಣ ಗುಡ್ಡೆಯಾಗಿ ಬಿದ್ದಿರುತ್ತದೆ, ಮರದಲ್ಲಿ ಸೂಜಿ ತೂತಿನಂಥ ಗುರುತು ಕಾಣುತ್ತದೆ. ಇದೇ ಬೆಳಕಿನಲ್ಲಿ ಕಂದು ಚುಕ್ಕೆಗಳನ್ನೂ ನೋಡಿ. ಫಾಕ್ಸಿಂಗ್ ಆದರೆ ಉಬ್ಬು ತಗ್ಗು ಏನೂ ಇಲ್ಲ, ಕಾಗದದ ಒಳಗೇ ಇಳಿದ ಬಣ್ಣ. ಚುಕ್ಕೆ ಕಪ್ಪಾಗಿ, ಸಾಸಿವೆಗಿಂತ ಸಣ್ಣದಾಗಿ, ಮೇಲೆ ಉಬ್ಬಿದ್ದರೆ ಅದು ನೊಣದ ಹಿಕ್ಕೆ.

ಈಗ ಒಂದು ಸಣ್ಣ ಖರ್ಚು ಮಾಡಿ. ಗಾಳಿಯ ತೇವ ತೋರಿಸುವ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳಲ್ಲಿ ಅದು ಶೇಕಡಾ 85, 90 ತೋರಿಸುವುದು ಮಾಮೂಲು. ಮರಿಗೆಯ ಉಪ್ಪು ನೀರಾಗುವುದು, ಡಬ್ಬಿಯ ಹಪ್ಪಳ ಮೆತ್ತಗಾಗುವುದು ಇದೇ ಕಾರಣಕ್ಕೆ. ಕಾಗದವೂ ಹಾಗೇ ಗಾಳಿಯ ನೀರನ್ನು ಕುಡಿಯುತ್ತದೆ. ತೇವ 65 ದಾಟಿ ಕೆಲವು ದಿನ ಅಲ್ಲೇ ನಿಂತರೆ ಬೂಷ್ಟಿಗೆ ಸಾಕು. 55ರ ಆಸುಪಾಸಿಗೆ ಇಳಿಸಿ ಅಲ್ಲೇ ಹಿಡಿದಿಟ್ಟರೆ ಅದು ಬೆಳೆಯುವುದಿಲ್ಲ. ಔಷಧಿ ಹಾಕಿ ಕೊಲ್ಲುವ ಅಗತ್ಯವೇ ಇಲ್ಲ. ಬೂಷ್ಟಿನ ಬೀಜಕಣ ನಾವು ಉಸಿರಾಡುವ ಗಾಳಿಯಲ್ಲೇ ಇವೆ. ಇವತ್ತು ಕೊಂದರೂ ನಾಳೆ ಬೇರೆ ಬಂದು ಕೂರುತ್ತವೆ. ನೀರು ಸಿಗದ ಹಾಗೆ ಮಾಡುವುದೊಂದೇ ದಾರಿ. ಗುಳಿಗೆ ಅಂತ ಇಡುವ ನಾಫ್ತಲೀನ್ ಉಂಡೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಪ್ರಯೋಜನ ಇಲ್ಲ. ಬೇವಿನ ಸೊಪ್ಪು ಪಟಕ್ಕೆ ತಾಗಿದರೆ ಅದರದ್ದೇ ಒಂದು ಕಲೆ ಬೀಳುತ್ತದೆ.

ಪಟವನ್ನು ಫ್ರೇಮಿನಿಂದ ಬಿಡಿಸುವ ಕೆಲಸ ನಿಧಾನಕ್ಕೆ ಮಾಡಿ. ಎನ್95 ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮನೆಯಲ್ಲಿ ದಮ್ಮು, ಅಲರ್ಜಿ ಇರುವವರು ಹತ್ತಿರ ಬರುವುದು ಬೇಡ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಪಟವನ್ನು ಮುಖ ಕೆಳಗಾಗಿ ಮಲಗಿಸಿ. ಹಿಂದಿನ ಮೊಳೆಗಳು ತುಕ್ಕು ಹಿಡಿದಿರುತ್ತವೆ. ಇಕ್ಕಳದಲ್ಲಿ ಒಂದೊಂದಾಗಿ ನೇರವಾಗಿ ಎಳೆಯಿರಿ, ಸುತ್ತಿಗೆಯಿಂದ ಬಡಿಯಬೇಡಿ. ಹಳೆ ಫ್ರೇಮುಗಳಲ್ಲಿ ಹಿಂದೆ ಎರಡು ಮೂರು ತೆಳು ಹಲಗೆ ಜೋಡಿಸಿರುತ್ತಾರೆ. ಹಲಗೆ ತೆಗೆದಾಗ ಪಟದ ಬೆನ್ನು ನೋಡಿ. ಹಲಗೆಗಳ ನಡುವಿನ ಸಂದು ಎಲ್ಲಿತ್ತೋ ಅಲ್ಲೇ ನೇರವಾದ ಕಂದು ಪಟ್ಟಿ ಕಾಣಬಹುದು. ಮರದ ಗಂಟು ಇದ್ದ ಕಡೆ ದುಂಡಗಿನ ಕಲೆ ಇರಬಹುದು. ಹಸಿ ಗಾಳಿ, ಧೂಳು ಆ ಸಂದಿನಿಂದ ಒಳಗೆ ಬಂದದ್ದು, ಮರದ ಹುಳಿ ಕಾಗದಕ್ಕೆ ಇಳಿದದ್ದು, ಎರಡರ ಗುರುತೂ ಅದು. ಹಲಗೆಯ ಮೇಲೆ ಅಂಗಡಿಯ ಚೀಟಿ, ಕೈಬರಹದ ತಾರೀಕು ಏನಾದರೂ ಇದ್ದರೆ ಫೋಟೋ ತೆಗೆದಿಡಿ. ಪಟ ಯಾವಾಗ, ಯಾವ ಊರಿನಿಂದ ಬಂತು ಅಂತ ಹೇಳುವುದು ಹೆಚ್ಚಾಗಿ ಆ ಚೀಟಿಯೇ.

ಪಟ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆದರೆ ಬಣ್ಣ ಗಾಜಿನಲ್ಲೇ ಉಳಿಯುತ್ತದೆ. ಹಾಗೇ ಗಾಜಿನ ಸಮೇತ ಒಣಗಿಸಿಡಿ, ಮುಂದಿನದ್ದು ಮನೆಯ ಕೆಲಸ ಅಲ್ಲ.

ಬಿಡಿಸಲು ಬಂದರೆ ಒಣಗಿಸುವುದು ಹೇಗೆ? ಅಮ್ಮ ಬಿಸಿಲು ಅಂದದ್ದು ಯಾಕೆ ಅಂತ ನನಗೆ ಗೊತ್ತು. ನಮ್ಮಲ್ಲಿ ಹಾಸಿಗೆ, ಅಕ್ಕಿ, ಸಂಡಿಗೆ, ಎಲ್ಲಕ್ಕೂ ಬಿಸಿಲೇ ಮದ್ದು. ಆದರೆ ಈ ಪಟದ ಕಥೆ ಬೇರೆ. ರವಿವರ್ಮ ಪ್ರೆಸ್ ಮುಂಬೈಯಲ್ಲಿ 1894ರಲ್ಲಿ ಶುರುವಾಗಿ ಆಮೇಲೆ ಲೋನಾವಳ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿನಿಂದ ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು. ಎಣ್ಣೆ ಬಣ್ಣದ ಚಿತ್ರದ ಹಾಗೆ ಕಾಣಲಿ ಅಂತ ಇಂಥ ಎಷ್ಟೋ ಪಟಗಳಿಗೆ ಮೇಲೆ ವಾರ್ನಿಷ್ ಹಚ್ಚಿರುತ್ತಾರೆ. ಬಿಸಿಲಿಗೆ ಇಟ್ಟರೆ ಕಾಗದ ಬೇಗ ಒಣಗಿ ಕುಗ್ಗುತ್ತದೆ, ವಾರ್ನಿಷ್ ಅಷ್ಟೇ ಬೇಗ ಕುಗ್ಗುವುದಿಲ್ಲ. ಪಟ ಸುರುಳಿಯಾಗುತ್ತದೆ, ಮೇಲ್ಮೈ ಬಿರುಕು ಬಿಡುತ್ತದೆ. ಬಣ್ಣವೂ ಮಂಕಾಗುತ್ತದೆ. ಇಷ್ಟಾದರೂ ಬೀಜಕಣಗಳು ಸಾಯುವುದಿಲ್ಲ. ಅಮ್ಮನ ಬಿಸಿಲು ಬೇರೆ ಕಡೆ ಕೆಲಸಕ್ಕೆ ಬರುತ್ತದೆ. ಟ್ರಂಕು, ಮರದ ಚೌಕಟ್ಟು, ಗಾಜು ಮೂರನ್ನೂ ಖಾಲಿ ಮಾಡಿ ಒಳ್ಳೆಯ ಬಿಸಿಲು ಬಿದ್ದ ದಿನ ಅಂಗಳಕ್ಕೆ ಹಾಕಿ.

ಪಟಕ್ಕೆ ಎಸಿ ಇರುವ ಕೋಣೆ ಸಾಕು. ಡ್ರೈ ಮೋಡಿನಲ್ಲಿ ಇಟ್ಟು, ಎರಡು ಮೂರು ದಿನ ಹಗಲು ರಾತ್ರಿ ಬಿಡದೆ ಓಡಿಸಿ. ರಾತ್ರಿ ಹಾಕಿ ಹಗಲು ಆರಿಸಿದರೆ ತಣ್ಣಗಾದ ಕಾಗದಕ್ಕೆ ಹೊರಗಿನ ಹಸಿ ಗಾಳಿ ಬಡಿದು ಮತ್ತೆ ತೇವ ಹಿಡಿಯುತ್ತದೆ. ಪಟವನ್ನು ಬಿಳಿ ಬ್ಲಾಟಿಂಗ್ ಪೇಪರಿನ ಮೇಲೆ ಮುಖ ಮೇಲಾಗಿ ಮಲಗಿಸಿ. ಹಳೆಯ ಒಗೆದ ಪಂಚೆಯನ್ನು ಮೇಲೆ ಸಡಿಲವಾಗಿ, ಪಟಕ್ಕೆ ತಾಗದ ಹಾಗೆ ಡೇರೆಯಂತೆ ಹೊದಿಸಿ. ಫ್ಯಾನ್ ಗಾಳಿ ನೇರ ಬೀಳಬಾರದು. ಆ ಕೋಣೆಯಲ್ಲಿ ಯಾರೂ ಮಲಗುವುದು ಬೇಡ. ಕೆಲಸ ಮುಗಿದ ಮೇಲೆ ಎಸಿಯ ಫಿಲ್ಟರ್ ತೊಳೆಯಿರಿ.

ಎಸಿ ಇಲ್ಲದಿದ್ದರೆ ರಬ್ಬರ್ ಅಂಚಿನ ಗಟ್ಟಿ ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ತಳದಲ್ಲಿ ತಟ್ಟೆಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಬ್ಲಾಟಿಂಗ್ ಪೇಪರ್ ಮತ್ತು ಪಟ. ಮೂಲೆಯಲ್ಲಿ ಹೈಗ್ರೋಮೀಟರ್. ನೀಲಿ ಕಾಳಿನ ಜೆಲ್ ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಕಿತ್ತಳೆ ಬಣ್ಣದ್ದು ಕೇಳಿ. ಅದು ತೇವ ಹೀರಿ ಹಸಿರಾದಾಗ ತೆಗೆದು, ಓವನ್ನಿನಲ್ಲಿ 110 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ತೇವ 50ಕ್ಕೆ ಇಳಿದಾಗ ಜೆಲ್ ಸ್ವಲ್ಪ ಕಡಿಮೆ ಮಾಡಿ. 40ಕ್ಕಿಂತ ಕೆಳಗೆ ಹೋದರೆ ಹಳೆ ಕಾಗದ ಒಣ ಹಪ್ಪಳದ ಹಾಗೆ ಚಟ್ಟನೆ ಒಡೆಯುತ್ತದೆ.

ಒಣಗಿತು ಅಂತ ಹೇಗೆ ಗೊತ್ತಾಗುತ್ತದೆ? ಚಿತ್ರ ಇಲ್ಲದ ಅಂಚಿನಲ್ಲಿ, ಬೂಷ್ಟಿನ ಒಂದು ಮೂಲೆಗೆ ಸಣ್ಣ ಮೆತ್ತನೆ ಕುಂಚದ ತುದಿ ತಾಗಿಸಿ. ಮಸಿಯ ಹಾಗೆ ಬಳಿದುಕೊಂಡರೆ ಇನ್ನೂ ಹಸಿ ಇದೆ, ಮತ್ತೆ ಒಂದು ದಿನ ಬಿಡಿ. ಪುಡಿಯಾಗಿ ಹಗುರಕ್ಕೆ ಎದ್ದು ಬಂದರೆ ತೆಗೆಯಬಹುದು. ಈ ಪರೀಕ್ಷೆ ಮಾಡದೆ ಕುಂಚ ಆಡಿಸಿದವರ ಪಟದಲ್ಲಿ ಬೂದು ಬಣ್ಣದ ಗೀರುಗಳು ಉಳಿದದ್ದನ್ನು ನಾನು ತುಂಬ ಸಲ ನೋಡಿದ್ದೇನೆ.

ತೆಗೆಯುವ ಕೆಲಸ ಮನೆಯ ಹೊರಗೆ, ಚಾವಡಿಯಲ್ಲಿ ಆಗಲಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸಬೇಕು. ಮಳೆಯಿಂದ ಎರಚಲು ಬರುವ ದಿನ ಬೇಡ. ಜಲವರ್ಣಕ್ಕೆ ಬಳಸುವ ಎರಡು ಇಂಚು ಅಗಲದ ಮೇಕೆ ಕೂದಲಿನ ಕುಂಚ ಚೆನ್ನಾಗಿರುತ್ತದೆ. ಒಂದೇ ದಿಕ್ಕಿನಲ್ಲಿ, ನಡುವಿನಿಂದ ಹೊರಗೆ, ಗರಿ ತಾಗಿದಷ್ಟು ಹಗುರವಾಗಿ ಎಳೆಯಿರಿ. ಕೆಳಗೆ ಒಂದು ಬಿಳಿ ಹಾಳೆ ಇಟ್ಟು ಪುಡಿಯನ್ನು ಅದರ ಮೇಲೆ ಬೀಳಿಸಿ, ಮಡಿಸಿ, ಕಸಕ್ಕೆ ಹಾಕಿ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಕಡಿಮೆ ವೇಗದಲ್ಲಿ, ಪಟದಿಂದ ಎರಡು ಮೂರು ಸೆಂಟಿಮೀಟರ್ ದೂರ ಹಿಡಿದು ಪುಡಿಯನ್ನು ಎಳೆಸಿ. ಸಾದಾ ವ್ಯಾಕ್ಯೂಮ್ ಬೇಡ. ಅದು ಮುಂದಿನಿಂದ ಹೀರಿದ ಬೀಜಕಣವನ್ನು ಹಿಂದಿನಿಂದ ಮನೆಯೊಳಗೇ ಊದುತ್ತದೆ.

ಬಣ್ಣ ಹೆಪ್ಪಳಿಕೆಯಾಗಿ ಎದ್ದಿರುವ ಕಡೆ, ಕುಂಕುಮ ಹಚ್ಚಿದ ಕಡೆ, ಸೀರೆಗೆ ಜರಿ, ಟಿಕ್ಲಿ ಅಂಟಿಸಿದ ಕಡೆ ಕುಂಚ ಆಡಿಸಬೇಡಿ. ಆಗಿನ ಮನೆಗಳಲ್ಲಿ ಲಕ್ಷ್ಮಿ, ಸರಸ್ವತಿಯರ ಪಟಕ್ಕೆ ಬಟ್ಟೆ, ಜರಿ ಅಂಟಿಸಿ ಅಲಂಕಾರ ಮಾಡುತ್ತಿದ್ದರು. ಅದೂ ಪಟದ ಚರಿತ್ರೆಯೇ, ಕಿತ್ತು ತೆಗೆಯಬೇಡಿ. ಪುಡಿ ಹೋದ ಮೇಲೂ ಬೂದು, ಹಸಿರು, ನೇರಳೆ ನೆರಳು ಉಳಿಯಬಹುದು. ಅದು ಬೂಷ್ಟು ಬಿಟ್ಟುಹೋದ ಬಣ್ಣ. ಅದಕ್ಕೆ ಜೀವ ಇಲ್ಲ, ಹಾಗೇ ಇರಲಿ. ಕೊನೆಗೆ ಗಾಜನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಚೌಕಟ್ಟನ್ನೂ ಟ್ರಂಕಿನ ಒಳಭಾಗವನ್ನೂ 70 ಶೇಕಡಾ ಸ್ಪಿರಿಟ್‌ನಲ್ಲಿ ಒರೆಸಿ, ಬಿಸಿಲಿಗೆ ಇಡಿ. ಸ್ಪಿರಿಟ್ ಪಟಕ್ಕೆ ಒಂದು ಹನಿಯೂ ಬೇಡ, ವಾರ್ನಿಷ್ ಕರಗುತ್ತದೆ.

ಇನ್ನು ಪಾಲುಪಟ್ಟಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಪ್ರೆಸ್ ಹಾಕಿದ ಕಾಲಕ್ಕೆ ಕಾಗದ ಅಂದರೆ ಹೆಚ್ಚಾಗಿ ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ಅದರ ಎಳೆ ಉದ್ದ, ಗಟ್ಟಿ. ಆಮೇಲೆ ಮರದ ತಿರುಳಿನ ಅಗ್ಗದ ಕಾಗದ ಬಂತು. ಶಾಯಿ ಹರಡದ ಹಾಗೆ ಅದಕ್ಕೆ ಪಟಿಕ ಮತ್ತು ರಾಳ ಹಾಕುತ್ತಿದ್ದರು. ಪಟಿಕದಿಂದ ಕಾಗದದಲ್ಲಿ ಹುಳಿ ಹುಟ್ಟುತ್ತದೆ. ಆ ಹುಳಿ, ನಮ್ಮ ಸೆಕೆ, ತೇವ ಎಲ್ಲ ಸೇರಿ ನಾರಿನ ಎಳೆಗಳನ್ನು ತುಂಡು ತುಂಡು ಮಾಡುತ್ತವೆ. ಹಾಗಾಗಿ ನೂರು ವರ್ಷದ ಕಾಗದ ಇನ್ನೂರು ವರ್ಷದ ಕಾಗದಕ್ಕಿಂತ ಬೇಗ ಮುರಿಯುವುದು ವಿಚಿತ್ರ ಏನಲ್ಲ. ನಿಮ್ಮ ಪತ್ರದಲ್ಲೇ ನೋಡಿ. ಛಾಪಾ ಕಾಗದದ ಹಾಳೆ ಇನ್ನೂ ಬೆಳ್ಳಗೆ, ಬಗ್ಗುವ ಹಾಗೆ ಇದ್ದು, ಅದರ ಹಿಂದೆ ಹೊಲಿದ ಸಾದಾ ಹಾಳೆ ಮಾತ್ರ ಚಹಾ ಬಣ್ಣಕ್ಕೆ ತಿರುಗಿರಬಹುದು. ತುಂಡಾದ ಎಳೆಯನ್ನು ಮತ್ತೆ ಕೂಡಿಸುವುದು ಯಾರಿಂದಲೂ ಆಗದು. ನಾವು ಮಾಡಬಹುದಾದದ್ದು ಅದನ್ನು ಇನ್ನು ಮಡಿಸದೆ, ಬಾಗಿಸದೆ, ಹಿಂದಿನಿಂದ ಆಸರೆ ಕೊಟ್ಟು ಇಡುವುದು.

ಬಿಡಿಸಲು ಒಂದು ಉಪಾಯ ಇದೆ. ನಮ್ಮ ಮಳೆಗಾಲವೇ ಇದಕ್ಕೆ ಸಹಾಯ ಮಾಡುತ್ತದೆ. ಒಣ ಊರಿನ ಸಂರಕ್ಷಕರು ಇಂಥ ಪತ್ರ ಬಿಡಿಸಲು ಮುಚ್ಚಿದ ಪೆಟ್ಟಿಗೆಯಲ್ಲಿ ತೇವದ ಗಾಳಿ ತಯಾರು ಮಾಡಬೇಕು. ನಮಗೆ ಅದು ಪುಕ್ಕಟೆ. ಮೊದಲು ಟಾರ್ಚಿನಲ್ಲಿ ನೋಡಿ. ಪತ್ರದ ಮೇಲೆ ಬೂಷ್ಟು ಒಂದು ಚೂರೂ ಇರಬಾರದು. ಇದ್ದರೆ ಈ ದಾರಿ ಬೇಡ. ಇಲ್ಲದಿದ್ದರೆ, ಮಡಿಸಿದ್ದು ಮಡಿಸಿದ ಹಾಗೇ ಒಂದು ಫೋಟೋ ತೆಗೆದು, ಎರಡು ಬ್ಲಾಟಿಂಗ್ ಪೇಪರಿನ ನಡುವೆ ಸಡಿಲವಾಗಿ ಇಡಿ. ಎಸಿ ಇಲ್ಲದ ಕೋಣೆಯಲ್ಲಿ, ಫ್ಯಾನ್ ಹಾಕದೆ, ಒಂದು ರಾತ್ರಿ ಬಿಡಿ. ನೀರು ಚಿಮುಕಿಸುವುದು, ಆವಿ ಹಿಡಿಯುವುದು ಏನೂ ಬೇಡ.

ಬೆಳಿಗ್ಗೆ ಕಾಗದ ಸ್ವಲ್ಪ ಮೆತ್ತಗಾಗಿರುತ್ತದೆ. ಕೈ ಒಣಗಿರಲಿ. ಕೊನೆಯ ಮಡಿಕೆಯ ಕೆಳಗೆ ಒಂದು ಗಟ್ಟಿ ಹಾಳೆ ತೂರಿಸಿ, ಆ ಹಾಳೆಯನ್ನೇ ಎತ್ತಿ ಬಿಡಿಸಿ. ಬೆರಳಿನಿಂದ ಕಾಗದ ಎಳೆಯಬೇಡಿ. ಚಟ ಚಟ ಸದ್ದು ಬಂದರೆ ನಿಲ್ಲಿಸಿ. ಆದಷ್ಟು ತೆರೆದು ಬಿಟ್ಟು, ಇನ್ನು ನಾಲ್ಕೈದು ಗಂಟೆ ಕಾಯಿರಿ. ಒಂದು ಮಡಿಕೆ ಬಿಟ್ಟ ಮೇಲೆ ಇನ್ನೊಂದು. ಉದುರಿದ ಚೂರು ಎಷ್ಟೇ ಸಣ್ಣದಿರಲಿ, ಒಂದು ಲಕೋಟೆಗೆ ಹಾಕಿ, ಯಾವ ಮಡಿಕೆಯದ್ದು ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಅರ್ಧ ಅಕ್ಷರ ಇರುವ ಚೂರೇ ನಾಳೆ ಒಂದು ಸರ್ವೆ ನಂಬರ್ ಓದಲು ಬೇಕಾಗಬಹುದು. ಪೂರ್ತಿ ಬಿಡಿಸಿದ ಮೇಲೆ ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಗಾಜಿನ ತುಂಡು, ಒಂದು ಎರಡು ಕಿಲೋ ಭಾರ ಇಟ್ಟು, ಆ ದಿನವೇ ಒಣ ಕೋಣೆಗೆ ಅಥವಾ ಜೆಲ್ ಡಬ್ಬಕ್ಕೆ ಸಾಗಿಸಿ. ಎರಡು ದಿನ ತೇವದಲ್ಲೇ ಬಿಟ್ಟರೆ ಬೂಷ್ಟಿಗೆ ನಾವೇ ಎಲೆ ಹಾಕಿ ಬಡಿಸಿದ ಹಾಗೆ.

ಬಿಡಿಸುವಾಗ ಶಾಯಿಯನ್ನು ಗಮನಿಸಿ. ಕಂದುಗಪ್ಪು ಅಕ್ಷರ ಹಾಳೆಯ ಹಿಂದೆಯೂ ಕಂದಾಗಿ ಮೂಡಿದ್ದರೆ ಅದು ಕಬ್ಬಿಣದ ಶಾಯಿ. ಅದು ಅಕ್ಷರದ ಜಾಡಿನಲ್ಲೇ ಕಾಗದವನ್ನು ತಿನ್ನುತ್ತದೆ. ಅಕ್ಷರದ ಉದ್ದಕ್ಕೆ ಬಿರುಕು ಕಂಡರೆ ಮುಂದುವರಿಯಬೇಡಿ, ಅದಕ್ಕೆ ತೇವ ಕೂಡ ಕೆಟ್ಟದ್ದು. ನೇರಳೆ ಬಣ್ಣದ ರಬ್ಬರ್ ಮೊಹರಂತೂ ಬೆವರಿದ ಕೈ ತಾಗಿದರೂ ಹರಡುತ್ತದೆ.

ಈಗ ಫೋಟೋ. ಸ್ಕ್ಯಾನರಿನ ಮುಚ್ಚಳ ಒತ್ತಿದರೆ ಮಡಿಕೆ ಮುರಿಯುತ್ತದೆ, ಅದಕ್ಕೇ ಮೊಬೈಲ್ ಸಾಕು. ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಪತ್ರವನ್ನು ಮಲಗಿಸಿ, ಪಕ್ಕಕ್ಕೆ ಒಂದು ಅಡಿಪಟ್ಟಿ ಇಟ್ಟು, ಮೊಬೈಲನ್ನು ಪತ್ರಕ್ಕೆ ಸಮನಾಗಿ ಹಿಡಿಯಿರಿ. ಮೊದಲು ಇಡೀ ಹಾಳೆ, ಆಮೇಲೆ ಒಂದೊಂದು ಭಾಗ, ಎರಡೂ ಬದಿ. ಇದಾದ ಮೇಲೆ ಮನೆಯವರಿಗೆ ತೋರಿಸಲು ಮೂಲ ಪತ್ರ ಹೊರಗೆ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಪತ್ರ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನೋಂದಣಿ ನಂಬರ್, ವರ್ಷ ಹಿಂಬದಿಯ ಮೊಹರಿನಲ್ಲಿ ಇರುತ್ತದೆ.

ಇಡಲು ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಲಕೋಟೆ ಮಾಡಿಸಿ. 75ರಿಂದ 100 ಮೈಕ್ರಾನ್ ದಪ್ಪ, ಪತ್ರಕ್ಕಿಂತ ಸುತ್ತಲೂ ಎರಡು ಸೆಂಟಿಮೀಟರ್ ದೊಡ್ಡದು. ಎರಡು ಬದಿ ಮಾತ್ರ ಮುಚ್ಚಿರಬೇಕು, ಎರಡು ಬದಿ ತೆರೆದಿರಬೇಕು. ನಾಲ್ಕೂ ಬದಿ ಮುಚ್ಚಿದರೆ ತೇವವೂ ಹುಳಿಯೂ ಒಳಗೇ ಸಿಕ್ಕಿಕೊಳ್ಳುತ್ತವೆ. ಪತ್ರದ ಹಿಂದೆ ಕ್ಷಾರ ಸೇರಿಸಿದ ಆರ್ಕೈವಲ್ ಕಾಗದದ ಒಂದು ಹಾಳೆ ಇಡಿ. ಅದು ಗಟ್ಟಿ ಆಸರೆ ಕೊಡುತ್ತದೆ, ಹುಳಿಯನ್ನೂ ಸ್ವಲ್ಪ ಸ್ವಲ್ಪವಾಗಿ ಹೀರುತ್ತದೆ. ಫ್ಯಾನ್ಸಿ ಅಂಗಡಿಯ ಮೆತ್ತನೆ ಪ್ಲಾಸ್ಟಿಕ್ ಕವರ್ ಹೆಚ್ಚಾಗಿ ಪಿವಿಸಿ. ಹೊಸ ರೈನ್‌ಕೋಟಿನ ವಾಸನೆ ಬಂದರೆ ಅದನ್ನು ಬಿಡಿ. ಕೆಲವು ವರ್ಷಕ್ಕೆ ಅದು ಅಂಟಂಟಾಗಿ ಅಕ್ಷರವನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಮುರಿದ ಮಡಿಕೆಗೆ ಸೆಲ್ಲೋ ಟೇಪ್ ಬೇಡ, ಫೆವಿಕಾಲ್ ಬೇಡ. ಲಕೋಟೆಯ ಒಳಗೆ ತುಂಡುಗಳು ತಮ್ಮ ತಮ್ಮ ಜಾಗದಲ್ಲಿ ಸುಮ್ನೆ ಕೂತಿದ್ದರೆ ಸಾಕು.

ಲ್ಯಾಮಿನೇಷನ್ ಯಾಕೆ ಬೇಡ ಅಂತ ತಮ್ಮನಿಗೆ ಹೇಳಲು ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮಂಗಳೂರಿನ ಒಬ್ಬರು ಅಜ್ಜನ ಮೂಲಗೇಣಿ ಪತ್ರ ತಂದರು. ಜೂನ್ ತಿಂಗಳಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದರು. ಕಾಗದ ಆಗ ತೇವ ಕುಡಿದಿತ್ತು. ಬಿಸಿ ರೋಲರ್ ಒತ್ತಿದಾಗ ಅಂಟು ಕರಗಿ ನಾರಿನೊಳಗೆ ಇಳಿಯಿತು, ತೇವ ಒಳಗೇ ಉಳಿಯಿತು. ನನ್ನ ಕೈಗೆ ಬಂದಾಗ ಪ್ಲಾಸ್ಟಿಕ್ಕಿನ ಒಳಗೆ ಕಪ್ಪು ಬೂಷ್ಟು ಹೂವಿನ ಹಾಗೆ ಹರಡಿತ್ತು, ಸಹಿ ಇದ್ದ ಜಾಗದ ಮೇಲೆಯೇ. ಪ್ಲಾಸ್ಟಿಕ್ ಕಿತ್ತರೆ ಕಾಗದದ ಮೇಲ್ಪದರವೂ ಜೊತೆಗೆ ಬರುತ್ತಿತ್ತು. ನಾನು ಹಿಂದಿನಿಂದ ಬೆಳಕು ಬಿಟ್ಟು ಫೋಟೋ ತೆಗೆದುಕೊಟ್ಟೆ, ಅಷ್ಟೇ. ಅವರು ಆ ಪತ್ರವನ್ನು ಉಳಿಸಲೆಂದೇ ಹಾಗೆ ಮಾಡಿಸಿದ್ದರು. ಅದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಕೊನೆಗೆ ಚುಕ್ಕೆಗಳು. ಫಾಕ್ಸಿಂಗ್ ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೆಲವು ಕಡೆ ಕಾಗದ ಮಾಡುವಾಗಲೇ ಸೇರಿಕೊಂಡ ಕಬ್ಬಿಣದ ಕಣ ತೇವಕ್ಕೆ ತುಕ್ಕು ಹಿಡಿಯುತ್ತದೆ. ಅಂಥ ಚುಕ್ಕೆಯ ನಡುವೆ ಗಾಢವಾದ ಒಂದು ಬಿಂದು ಕಾಣುತ್ತದೆ. ಕೆಲವು ಕಡೆ ಎಂದೋ ಬೆಳೆದು ಸತ್ತ ಬೂಷ್ಟು ಬಿಟ್ಟ ಹುಳಿಯ ಕಲೆ. ಅದು ಅಂಚು ಸರಿಯಾಗಿ ಕಾಣದ ಹಾಗೆ ಹಬ್ಬಿರುತ್ತದೆ. ಎರಡೂ ಒಟ್ಟಿಗೆ ಇರುವುದೇ ಜಾಸ್ತಿ. ಎರಡಕ್ಕೂ ತೇವ ಬೇಕು. ಹಾಗಾಗಿ ಮೇಲೆ ಹೇಳಿದಂತೆ ತೇವ ಇಳಿಸಿದರೆ ಚುಕ್ಕೆ ಹೆಚ್ಚಾಗುವುದು ನಿಲ್ಲುತ್ತದೆ. ಇರುವ ಚುಕ್ಕೆಯನ್ನು ಮನೆಯಲ್ಲಿ ತೆಗೆಯುವ ಸುರಕ್ಷಿತ ದಾರಿ ಇಲ್ಲ, ಇದನ್ನು ನಾನು ಖಚಿತವಾಗಿ ಹೇಳುತ್ತೇನೆ.

ಫ್ರೇಮ್ ಅಂಗಡಿಯವರು ಹೇಳುವ ಬ್ಲೀಚ್ ಹೆಚ್ಚಾಗಿ ಬಟ್ಟೆಗೆ ಹಾಕುವ ಕ್ಲೋರಿನ್ ದ್ರಾವಣ. ಹಚ್ಚಿದ ದಿನ ಚುಕ್ಕೆ ಮಾಯವಾಗುತ್ತದೆ, ಪಟ ಹೊಸದರ ಹಾಗೆ ಕಾಣುತ್ತದೆ. ಆದರೆ ಅದನ್ನು ಕಾಗದದಿಂದ ಪೂರ್ತಿ ತೊಳೆದು ತೆಗೆಯಲು ಅಂಗಡಿಯಲ್ಲಿ ಆಗುವುದಿಲ್ಲ. ಉಳಿದ ಕ್ಲೋರಿನ್ ಒಳಗೆ ಕೂತು ನಾರನ್ನು ತಿನ್ನುತ್ತಲೇ ಇರುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಚುಕ್ಕೆ ಇದ್ದಲ್ಲಿ ಹಳದಿ ಮಚ್ಚೆ ಬರುತ್ತದೆ, ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ನಿಂಬೆ ರಸ, ಹೈಡ್ರೋಜನ್ ಪೆರಾಕ್ಸೈಡ್ ಅಂತ ಯಾರಾದರೂ ಹೇಳಿದರೆ ಅದಕ್ಕೂ ಇದೇ ಮಾತು. ಸಂರಕ್ಷಕರು ಚುಕ್ಕೆ ತಿಳಿ ಮಾಡುವುದುಂಟು. ಮೊದಲು ಒಂದೊಂದು ಬಣ್ಣವನ್ನೂ ಪರೀಕ್ಷೆ ಮಾಡಿ, ವಾರ್ನಿಷ್ ಏನು ಅಂತ ನೋಡಿ, ಕಾಗದವನ್ನು ತೊಳೆದು ಮಾಡುವ ಕೆಲಸ ಅದು. ಆಮೇಲೂ ಚುಕ್ಕೆ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡುವುದಿಲ್ಲ.

ಮತ್ತೆ ಫ್ರೇಮ್ ಹಾಕಿಸುವಾಗ ಹಳೆಯ ಚೌಕಟ್ಟೇ ಇರಲಿ, ಹಲಗೆ ಮಾತ್ರ ಬೇಡ. ಪಟಕ್ಕೂ ಗಾಜಿಗೂ ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡಿನ ಅಂಚು ಹಾಕಿಸಿ, ಪಟ ಗಾಜಿಗೆ ತಾಗಬಾರದು. ಮಳೆಗಾಲದಲ್ಲಿ ಗಾಜಿನ ಒಳಮೈಗೆ ಕಟ್ಟುವ ಬೆವರು ನೇರ ಪಟಕ್ಕೆ ಹತ್ತುವುದು ಹೀಗೇ ತಪ್ಪುತ್ತದೆ. ಹಿಂದೆಯೂ ಅಂಥದ್ದೇ ಬೋರ್ಡ್. ಪಟವನ್ನು ಅಂಟಿಸಬಾರದು, ನಾಲ್ಕು ಮೂಲೆಗೆ ಕಾಗದದ ಜೇಬು ಮಾಡಿ ಕೂರಿಸಲು ಹೇಳಿ. ಅಂಗಡಿಯವರ ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಿ. ಚೌಕಟ್ಟಿನ ಕೆಳಗಿನ ಎರಡು ಮೂಲೆಯ ಹಿಂದೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕ್ ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ಕೆಂಪುಕಲ್ಲಿನ ಗೋಡೆ ಮಳೆ ನೀರನ್ನು ಚೆನ್ನಾಗಿ ಹೀರುತ್ತದೆ. ಅದಕ್ಕೆ ಪಡುವಣ ಗೋಡೆ, ಹೊರಗೋಡೆ ಯಾವುದೂ ಬೇಡ. ಮನೆಯ ನಡುವಿನ ಒಳಗೋಡೆ ನೋಡಿ. ದೇವರ ಕೋಣೆಯಲ್ಲೇ ಇರಬೇಕು ಅಂತ ಅಮ್ಮನ ಆಸೆ ಇದ್ದರೆ ಪಟದ ಒಳ್ಳೆಯ ಫೋಟೋ ಪ್ರಿಂಟ್ ಹಾಕಿಸಿ ಅಲ್ಲಿಡಿ. ದೀಪದ ಹೊಗೆ, ಎಣ್ಣೆ, ಕುಂಕುಮ ಅದರ ಮೇಲೆ ಬೀಳಲಿ.

ಪಟ ಏರಿಸಿದ ಮೇಲೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಟಾರ್ಚಿನ ಅಡ್ಡ ಬೆಳಕಿನಲ್ಲಿ ಕೆಳಗಿನ ಅಂಚು ನೋಡುತ್ತಿರಿ. ಅದೇ ಜಾಗದಲ್ಲಿ ಮತ್ತೆ ಬಿಳಿ ಬಂದರೆ ನಿಮ್ಮ ಕುಂಚದ ಕೆಲಸದ ತಪ್ಪಲ್ಲ, ಆ ಗೋಡೆಯಲ್ಲಿ ತೇವ ಇದೆ. ಪಟ ಇಳಿಸಿ ಜೆಲ್ ಡಬ್ಬದಲ್ಲಿ ಇಡಿ, ಗೋಡೆ ಸರಿ ಮಾಡಿಸಿದ ಮೇಲೆ ಏರಿಸಿ.

ಗಾಜಿಗೆ ಅಂಟಿದ ಪಟ, ಎದ್ದು ಉದುರುವ ಬಣ್ಣ, ಶಾಯಿಯ ಜಾಡಿನಲ್ಲಿ ಬಿರಿದ ಪತ್ರ, ಈ ಮೂರರಲ್ಲಿ ಯಾವುದು ಕಂಡರೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದವರನ್ನು ಕೇಳಿ. ಮೊದಲು ಫೋಟೋ ಕಳಿಸಿ, ಅವರು ತನ್ನಿ ಅಂದ ಮೇಲೆ ಹೊರಡಿ. ಸುರುಳಿ ಸುತ್ತಬೇಡಿ. ಎರಡು ಗಟ್ಟಿ ಬೋರ್ಡಿನ ನಡುವೆ ಚಪ್ಪಟೆಯಾಗಿ ಇಟ್ಟು, ಸುತ್ತಲೂ ಹತ್ತಿ ದಾರದಲ್ಲಿ ಕಟ್ಟಿ, ಬಸ್ಸಿನ ಡಿಕ್ಕಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಹೊರಡುವುದಾದರೆ ಮಳೆ ನಿಂತು ದೀಪಾವಳಿ ಕಳೆದ ಮೇಲೆ ಹೊರಡಿ. ಅಲ್ಲಿವರೆಗೆ ಎರಡೂ ಒಣ ಡಬ್ಬದಲ್ಲಿ ಇರಲಿ.